ಅಮೆರಿಕದ ರೆಸಿಪಿಯ ಸ್ಟಿಕ್ ಬೆಣ್ಣೆ, ಔನ್ಸ್ ಮೈದಾ: ಗ್ರಾಂಗೆ ಹೇಗೆ ತರೋದು? ಅನುಭವ ಹೇಳಿ

ಪ್ರಶ್ನೆ (ತುಮಕೂರು): ಡಲ್ಲಾಸ್‌ನಿಂದ ಅಕ್ಕ ಪೌಂಡ್ ಕೇಕ್ ರೆಸಿಪಿ ಕಳಿಸಿದ್ದಾಳೆ. 2 ಸ್ಟಿಕ್ ಬೆಣ್ಣೆ, 8 ಔನ್ಸ್ ಮೈದಾ, 8 ಔನ್ಸ್ ಸಕ್ಕರೆ, 4 ದೊಡ್ಡ ಮೊಟ್ಟೆ, 2 ಔನ್ಸ್ ಹಾಲು. ಮನೆಯಲ್ಲಿ ಡಿಜಿಟಲ್ ತಕ್ಕಡಿ ಇದೆ. ಶನಿವಾರ ಮಗನ ಹುಟ್ಟುಹಬ್ಬ. ಮಾಡಿದವರು ಹೇಳಿ ಪ್ಲೀಸ್.

ದಾವಣಗೆರೆ: ನಾನು ಒಂದು ಸ್ಟಿಕ್‌ಗೆ ಒಂದು 100 ಗ್ರಾಂ ಪ್ಯಾಕ್ ಅಂತಲೇ ಲೆಕ್ಕ ಹಿಡಿಯೋದು. ಔನ್ಸ್‌ಗೆ 30 ಗ್ರಾಂ. ಕೇಕ್ ಚೆನ್ನಾಗೇ ಬರುತ್ತೆ, ನಮ್ಮ ಮನೆಯಲ್ಲಿ ಒಂದು ತುಂಡೂ ಉಳಿಯಲ್ಲ. ಬೆಣ್ಣೆ ರೇಟು ಎಲ್ಲಿಗೆ ಹೋಗಿದೆ ನೋಡಿ. ಎರಡು ಪ್ಯಾಕ್ ತಂದ ಮೇಲೆ ಇನ್ನು 27 ಗ್ರಾಂಗೋಸ್ಕರ ಮೂರನೇದು ಒಡೆಯೋಕೆ ನನಗೆ ಮನಸ್ಸು ಬರಲ್ಲ.

ನ್ಯೂಜೆರ್ಸಿ: ತಪ್ಪು ಲೆಕ್ಕ ಕೊಡಬೇಡಿ. ಇಲ್ಲಿ ಬೆಣ್ಣೆ ಒಂದು ಪೌಂಡ್ ಡಬ್ಬಿಯಲ್ಲಿ ಬರುತ್ತೆ, ಅಂದರೆ 454 ಗ್ರಾಂ. ಒಳಗೆ ನಾಲ್ಕು ಸ್ಟಿಕ್. ಒಂದಕ್ಕೆ 113 ಗ್ರಾಂ, ಎರಡಕ್ಕೆ 227. ಸುತ್ತಿದ ಕಾಗದದ ಮೇಲೆ ಟೇಬಲ್‌ಸ್ಪೂನ್ ಗೆರೆಗಳಿರುತ್ತವೆ, ಒಂದು ಸ್ಟಿಕ್‌ಗೆ ಎಂಟು. ಹಾಗಾಗಿ ಇಲ್ಲಿ ಯಾರೂ ಬೆಣ್ಣೆ ತೂಗಲ್ಲ, ಗೆರೆ ನೋಡಿ ಚಾಕು ಹಾಕ್ತಾರೆ ಅಷ್ಟೇ. ಈ ಪೂರ್ವ ಕರಾವಳಿಯಲ್ಲಿ ಸ್ಟಿಕ್ ಉದ್ದ, ತೆಳ್ಳಗೆ. ಕ್ಯಾಲಿಫೋರ್ನಿಯಾ ಕಡೆ ಗಿಡ್ಡ, ದಪ್ಪ. ನಾನು ಮನೆ ಬದಲಿಸಿ ಬಂದಾಗ ನನ್ನ ಬೆಣ್ಣೆ ತಟ್ಟೆಯೇ ಹಿಡಿಸಲಿಲ್ಲ, ಹೊಸದಕ್ಕೆ 14 ಡಾಲರ್ ತೆತ್ತೆ! ತೂಕ ಮಾತ್ರ ಎರಡೂ ಕಡೆ ಒಂದೇ.

ದಾವಣಗೆರೆ: ನೀವು ಡಾಲರ್‌ನಲ್ಲಿ ದುಡೀತೀರಿ. ಇಲ್ಲಿ 27 ಗ್ರಾಂ ಅಂದರೂ ದುಡ್ಡೇ.

ಮಂಡ್ಯ, ಬೇಕರಿ: ದುಡ್ಡಿನ ಮಾತು ಆಮೇಲೆ ಆಡೋಣ. ಪೌಂಡ್ ಕೇಕ್ ಅಂದರೆ ಬೆಣ್ಣೆ, ಸಕ್ಕರೆ, ಮೈದಾ, ಮೊಟ್ಟೆ ನಾಲ್ಕೂ ಒಂದೊಂದು ಪೌಂಡ್. ಈ ರೆಸಿಪಿ ಅದರ ಅರ್ಧ. ಬೆಣ್ಣೆ 227, ಮೈದಾ 227, ಸಕ್ಕರೆ 227. ಒಂದು ಔನ್ಸ್‌ಗೆ 28.35 ಗ್ರಾಂ, ಎಂಟರಿಂದ ಗುಣಿಸಿ ನೋಡಿ. ದಾವಣಗೆರೆಯವರ ಲೆಕ್ಕದಲ್ಲಿ ಮೈದಾ, ಸಕ್ಕರೆ 240ಕ್ಕೆ ಏರುತ್ತೆ, ಬೆಣ್ಣೆ 200ಕ್ಕೆ ಇಳಿಯುತ್ತೆ. ಒಂದು ಮೇಲೆ, ಇನ್ನೊಂದು ಕೆಳಗೆ. ಅಂಥ ಕೇಕ್ ಬಿಸಿ ಇದ್ದಾಗ ಗೊತ್ತಾಗಲ್ಲ. ಮಾರನೇ ದಿನ ಕೊಯ್ಯುವಾಗ ಪುಡಿ ಉದುರುತ್ತೆ. ಅವರ ಮನೆಯಲ್ಲಿ ಮಾರನೇ ದಿನಕ್ಕೆ ಉಳಿಯಲ್ಲ ಅಂತಾರಲ್ಲ, ಅದಕ್ಕೇ ಗೊತ್ತಾಗಿಲ್ಲ.

ದಾವಣಗೆರೆ: ನನ್ನ ಕೇಕ್ ನೀವು ತಿಂದಿದ್ದೀರಾ? ಸುಮ್ನೆ ಏನೇನೋ ಹೇಳಬೇಡಿ.

ಉಡುಪಿ: ನನ್ನ ಕಥೆ ಕೇಳಿ. ನನ್ನ ಗಾಜಿನ ಅಳತೆ ಜಗ್‌ನ ಒಂದು ಬದಿಗೆ ಮಿಲಿಲೀಟರ್, ಇನ್ನೊಂದು ಬದಿಗೆ ಔನ್ಸ್. ರೆಸಿಪಿಯಲ್ಲಿ 8 ಔನ್ಸ್ ಮೈದಾ ಅಂತಿತ್ತು, 8ರ ಗೆರೆವರೆಗೆ ತುಂಬಿದೆ. ಯಾರಾದರೂ ಹಾಗೇ ಮಾಡ್ತಾರೆ, ಅಲ್ವಾ? ಓವನ್‌ನಲ್ಲಿ ಅರ್ಧ ಗಂಟೆ ಚೆನ್ನಾಗಿ ಉಬ್ಬಿತು. ಆಮೇಲೆ ನಡುವೆ ಕುಸಿಯಿತು. ಅಂಚಿನಲ್ಲಿ ಬೆಣ್ಣೆ ಬಿಟ್ಟುಕೊಂಡು ಕೇಕ್ ಅದರಲ್ಲೇ ಕರಿಯೋಕೆ ಶುರುವಾಯಿತು. ತಳದ ಕಾಗದ ಹಿಂಡಿದರೆ ಎಣ್ಣೆ ಬರ್ತಿತ್ತು. ಬೆಣ್ಣೆ, ಮೊಟ್ಟೆ, ವೆನಿಲಾ ಎಲ್ಲ ಸೇರಿ 340 ರೂಪಾಯಿ ಹೋಯಿತು, ಸಿಲಿಂಡರ್ ಬೇರೆ. ಗೆರೆ ತೂಕದ್ದೋ ಅಳತೆಯದ್ದೋ ಅಂತ ಬರೆಯೋಕೆ ಜಗ್ ಮಾಡಿದವರಿಗೆ ಏನು ಕಷ್ಟ?

ನ್ಯೂಜೆರ್ಸಿ: ಜಗ್ ಮೇಲಿನ ಔನ್ಸ್ ದ್ರವಕ್ಕೆ. ಅಲ್ಲಿ 8 ಅಂದರೆ ಒಂದು ಕಪ್, ಸುಮಾರು 237 ಮಿಲಿ. ಅಷ್ಟು ಜಾಗದಲ್ಲಿ ಮೈದಾ 120ರಿಂದ 140 ಗ್ರಾಂ ಹಿಡಿಯುತ್ತೆ, ಸಡಿಲವಾಗಿ ತುಂಬಿದ್ದೋ ಒತ್ತಿದ್ದೋ ನೋಡಿಕೊಂಡು. ನಿಮಗೆ ಹತ್ತಿರ ಹತ್ತಿರ 100 ಗ್ರಾಂ ಮೈದಾ ಕಮ್ಮಿ ಬಿದ್ದಿದೆ. ಪುಡಿ, ಬೆಣ್ಣೆ, ಚಾಕೊಲೇಟ್‌ಗೆ ಔನ್ಸ್ ಅಂದರೆ ತೂಕ. ಹಾಲು, ನೀರಿಗೆ ಅಳತೆ. ಈ ರೆಸಿಪಿಯ 2 ಔನ್ಸ್ ಹಾಲು 60 ಮಿಲಿ. ಹಾಲನ್ನು ತಕ್ಕಡಿ ಮೇಲೇ ಹಾಕಿದರೂ 60 ಗ್ರಾಂ ಇಟ್ಟುಕೊಳ್ಳಿ, ನಡೆಯುತ್ತೆ. ಜೇನುತುಪ್ಪಕ್ಕೆ ಹಾಗೆ ಮಾಡಬೇಡಿ. ಒಂದು ಕಪ್ ಜೇನು 340 ಗ್ರಾಂ ತೂಗುತ್ತೆ.

ಉಡುಪಿ: ಇದನ್ನ ರೆಸಿಪಿಯಲ್ಲೇ ಬರೆದಿದ್ದರೆ ನನ್ನ ದುಡ್ಡು ಉಳೀತಿತ್ತು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಶಿರಸಿ: ಪ್ಯಾಕೆಟ್ ಬೆಣ್ಣೆ ಯಾಕೆ ಬೇಕು? ನಮ್ಮಲ್ಲಿ ಕಡೆದ ಬೆಣ್ಣೆ ಇದೆ. ಆ ಪರಿಮಳ ಅಂಗಡಿಯದಕ್ಕೆ ಬರಲ್ಲ. ನಾನು ಯಾವಾಗಲೂ ಅದನ್ನೇ ಹಾಕೋದು.

ಮಂಡ್ಯ, ಬೇಕರಿ: ಪರಿಮಳ ಸರಿ, ಆದರೆ ನೀರು? ಅಂಗಡಿ ಬೆಣ್ಣೆಯಲ್ಲಿ ಕೊಬ್ಬು ಸಾಮಾನ್ಯವಾಗಿ ನೂರಕ್ಕೆ 80 ಭಾಗ ಇರುತ್ತೆ, ಅಲ್ಲಿಯದೂ ಹಾಗೇ, ಇಲ್ಲಿಯದೂ ಹಾಗೇ. ಮನೆ ಬೆಣ್ಣೆಯಲ್ಲಿ ಮಜ್ಜಿಗೆ ಎಷ್ಟು ಉಳಿದಿದೆ ಅಂತ ಕೈಗೆ ಗೊತ್ತಾಗಲ್ಲ. 100 ಗ್ರಾಂ ಕಾಯಿಸಿ ತುಪ್ಪ ತೂಗಿ ನೋಡಿ. ನನ್ನ ಅತ್ತೆ ಮನೆಯದಕ್ಕೆ 70 ಗ್ರಾಂ ಬಂತು. 227 ಗ್ರಾಂ ಅಂಗಡಿ ಬೆಣ್ಣೆಯಲ್ಲಿ ಕೊಬ್ಬು ಸುಮಾರು 182 ಗ್ರಾಂ. ಅಷ್ಟೇ ಕೊಬ್ಬು ಬೇಕಂದರೆ ಆ ಬೆಣ್ಣೆ 260 ಗ್ರಾಂ ಹಾಕಬೇಕು. ಜೊತೆಗೆ ಬರುವ ನೀರಿಗೆ ಹಾಲು ಕಮ್ಮಿ ಮಾಡಬೇಕು. ಇಲ್ಲದಿದ್ದರೆ ಸಕ್ಕರೆ ಜೊತೆ ನೊರೆ ಏರಲ್ಲ, ಮೊಟ್ಟೆ ಹಾಕಿದ ಕೂಡಲೇ ಒಡೆದ ಹಾಲಿನ ಹಾಗೆ ಆಗುತ್ತೆ.

ಶಿರಸಿ: ತುಪ್ಪ ಕಾಯಿಸಿ ತೂಗೋಕೆ ಇದೇನು ಲ್ಯಾಬೋ? ನಮ್ಮ ಅಜ್ಜಿ ಇಂಥದ್ದೇನೂ ನೋಡಲಿಲ್ಲ.

ಮಂಡ್ಯ, ಬೇಕರಿ: ನಿಮ್ಮ ಅಜ್ಜಿ ಪೌಂಡ್ ಕೇಕ್ ಮಾಡಿದ್ದರೇ?

ಮೈಸೂರು, ನಿವೃತ್ತ ಶಿಕ್ಷಕಿ: ಜಗಳ ಸಾಕು. ನನ್ನ ಹತ್ತಿರ ಇರೋದು ಇಂಗ್ಲೆಂಡಿನ ಹಳೆಯ ಅಡುಗೆ ಪುಸ್ತಕ. ಅದರಲ್ಲಿ ಔನ್ಸ್‌ಗೆ 25 ಗ್ರಾಂ ಅಂತಲೇ ಕೊಟ್ಟಿದ್ದಾರೆ, 8 ಔನ್ಸ್‌ಗೆ 200. ಬಹಳ ವರ್ಷದಿಂದ ಅದರಲ್ಲೇ ಮಾಡ್ತಿದ್ದೇನೆ. ಮಂಡ್ಯದವರೇ, ಅಚ್ಚಾದ ಪುಸ್ತಕ ಸುಳ್ಳಾ?

ಮಂಡ್ಯ, ಬೇಕರಿ: ಸುಳ್ಳಲ್ಲ ಮೇಡಂ. ಲೆಕ್ಕ ಸುಲಭವಾಗಲಿ ಅಂತ ಎಲ್ಲವನ್ನೂ ಒಂದೇ ಥರ ಇಳಿಸಿದ್ದಾರೆ. ಎಲ್ಲ ಸಾಮಾನಿಗೂ 25 ಹಿಡಿದರೆ ಪ್ರಮಾಣ ಕೆಡಲ್ಲ, ಕೇಕ್ ಸ್ವಲ್ಪ ಚಿಕ್ಕದಾಗುತ್ತೆ ಅಷ್ಟೇ. ಅರ್ಧ 25, ಅರ್ಧ 30 ಮಾಡಿದರೇ ಕೆಡೋದು. ಆದರೆ ಮೊಟ್ಟೆ ಇಳಿಯಲ್ಲವಲ್ಲ! ಅಮೆರಿಕದ ದೊಡ್ಡ ಮೊಟ್ಟೆ ಚಿಪ್ಪು ಬಿಟ್ಟು 50 ಗ್ರಾಂ. ನಮ್ಮ ಕಡೆಯದು ಹೆಚ್ಚಾಗಿ ಚಿಕ್ಕದು. ತುಮಕೂರಿನವರು ಒಡೆದು ತೂಗಿ 200 ಗ್ರಾಂ ಹಾಕಲಿ, ಐದು ಬೇಕಾಗಬಹುದು.

ದಾವಣಗೆರೆ: ನಾಲ್ಕು ಸಾಕು. ಐದು ಹಾಕಿದರೆ ಮೊಟ್ಟೆ ವಾಸನೆ ಬರುತ್ತೆ.

ಮೈಸೂರು, ನಿವೃತ್ತ ಶಿಕ್ಷಕಿ: ನಾನೂ ನಾಲ್ಕೇ ಹಾಕೋದು.

ನ್ಯೂಜೆರ್ಸಿ: ನಾನು ಮಂಡ್ಯದವರ ಪರ. ಒಂದು ಮಾತು ಬಿಟ್ಟುಹೋಯಿತು. ಅಕ್ಕ ಬಳಸೋದು ಉಪ್ಪಿಲ್ಲದ ಬೆಣ್ಣೆಯಾ ಕೇಳಿ. ಪ್ಯಾಕ್ ಹಿಂದೆ ಉಪ್ಪು 2 ಭಾಗ ಅಂತಿದ್ದರೆ 227 ಗ್ರಾಂನಲ್ಲೇ ನಾಲ್ಕೂವರೆ ಗ್ರಾಂ ಬಂತು, ಮುಕ್ಕಾಲು ಟೀ ಚಮಚದಷ್ಟು. ಮೇಲೆ ಮತ್ತೆ ಹಾಕಬೇಡಿ.

ಪ್ರಶ್ನೆ ಕೇಳಿದವರು (ತುಮಕೂರು): ಎಲ್ಲರಿಗೂ ಥ್ಯಾಂಕ್ಸ್. ತಕ್ಕಡಿಯ ಗುಂಡಿ ಒತ್ತಿದರೆ g, oz, fl oz ಮೂರೂ ಬರ್ತಿದೆ. ನೇರವಾಗಿ oz ಇಟ್ಟು 8 ತೂಗಿದರೆ ಆಗಲ್ವಾ?

ಉಡುಪಿ: ಆಗುತ್ತೆ, fl oz ಮಾತ್ರ ಮುಟ್ಟಬೇಡಿ.

ಮಂಡ್ಯ, ಬೇಕರಿ: g ನಲ್ಲೇ ಇಡಿ. ನಡುವೆ ತಕ್ಕಡಿ ಆಫ್ ಆಗಿ ಬಂದರೆ ಕೆಲವು ಮತ್ತೆ g ಗೆ ಹೋಗುತ್ತವೆ, ಕೆಲವು ಹೋಗಲ್ಲ. ಮೊಟ್ಟೆ ಐದು.

ದಾವಣಗೆರೆ: ನಾಲ್ಕು.