ಜನ್ಮದಿನಾಂಕ ಒಂದು ದಿನ ಹಿಂದೆ ಸರಿಯುತ್ತದೆ, ಅದೂ ಹಿರಿಯರದ್ದು ಮಾತ್ರ. ಏಕೆ?

ಪ್ರಶ್ನೆ, ಹುಬ್ಬಳ್ಳಿಯ ಡೆವಲಪರ್: ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯ ತಂತ್ರಾಂಶ ನನ್ನ ಕೈಗೆ ಬಂದಿದೆ. ಬ್ರೌಸರಿನಲ್ಲಿ ಆಗಸ್ಟ್ 15 ಆರಿಸಿದರೆ ಡೇಟಾಬೇಸಿನಲ್ಲಿ 14 ಕೂರುತ್ತಿತ್ತಂತೆ. ಹಿಂದಿನವರು ಸರ್ವರಿನಲ್ಲಿ ಐದೂವರೆ ಗಂಟೆ ಕೂಡಿಸಿ ಸರಿ ಮಾಡಿದ್ದಾರೆ. ಆದರೆ 1943, 44ರಲ್ಲಿ ಹುಟ್ಟಿದವರದ್ದು ಈಗಲೂ ಒಂದು ದಿನ ಹಿಂದೆ. ವಯಸ್ಸಿಗೂ ಇದಕ್ಕೂ ಏನು ನಂಟು?

ಬೆಂಗಳೂರಿನ ಟೆಸ್ಟರ್: ಸರ್ವರಿನ ಕಾಲವಲಯ ಯುಟಿಸಿಯಲ್ಲಿರಬೇಕು. ಅದನ್ನು `Asia/Kolkata` ಮಾಡಿ, ಕೂಡಿಸುವ ಸಾಲನ್ನು ಕಿತ್ತುಹಾಕಿ. ನಮ್ಮಲ್ಲಿ ಹಾಗೆಯೇ ಸರಿಹೋಯಿತು.

ಮೈಸೂರಿನ ಸದಸ್ಯೆ: ನಮ್ಮ ಮನೆಯಲ್ಲೂ ಇದೇ ತಕರಾರು. ಮೊಮ್ಮಗ ನ್ಯೂಜೆರ್ಸಿಯಲ್ಲಿ 12ರ ರಾತ್ರಿ ಒಂಬತ್ತಕ್ಕೆ ಹುಟ್ಟಿದ, ಇಲ್ಲಿ ಆಗಲೇ 13ರ ಬೆಳಗು. ಯಾವುದನ್ನು ಆಚರಿಸಬೇಕು?

ಡೇಟಾಬೇಸ್ ಕೆಲಸದ ಹಿರಿಯ ಇಂಜಿನಿಯರ್: ಅಮ್ಮಾ, ಪ್ರಮಾಣಪತ್ರದಲ್ಲಿ 12 ಇದ್ದರೆ 12. ಜಾತಕ ಬರೆಸುವಾಗ ಹುಟ್ಟಿದ ಕ್ಷಣ ಬೇಕಾಗುತ್ತದೆ, ಹುಟ್ಟುಹಬ್ಬಕ್ಕೆ ಬೇಡ. ತಂತ್ರಾಂಶ ಎಡವುವುದೂ ಇಲ್ಲಿಯೇ: ಯಾರೂ ಗಂಟೆ ಹೇಳದಿದ್ದರೂ ಅದು ದಿನಾಂಕಕ್ಕೆ ತಾನಾಗಿ ಮಧ್ಯರಾತ್ರಿಯನ್ನು ಅಂಟಿಸಿ, ಅದನ್ನೊಂದು ಕ್ಷಣ ಮಾಡಿಬಿಡುತ್ತದೆ. ಭಾರತದ ಮಧ್ಯರಾತ್ರಿ ಎಂದರೆ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ದತ್ತಾಂಶದಲ್ಲಿ `18:30:00.000Z` ಕಂಡರೆ, ಅದು ಭಾರತದ ಬ್ರೌಸರಿನಲ್ಲಿ ಆರಿಸಿದ ದಿನಾಂಕ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಗಂಟೆಯ ಭಾಗವನ್ನು ಕತ್ತರಿಸಿದಾಗ ಉಳಿಯುವುದು ಹಿಂದಿನ ದಿನ.

ಇನ್ನು ಹಿರಿಯರ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ನಾವು ಯುಟಿಸಿಗಿಂತ ಆರೂವರೆ ಗಂಟೆ ಮುಂದಿದ್ದೆವು. ಬ್ರೌಸರಿಗೆ ಈ ಇತಿಹಾಸ ಗೊತ್ತು, ನಿಮ್ಮ ಹಿಂದಿನವರಿಗೆ ಗೊತ್ತಿರಲಿಲ್ಲ. 1943ರ ಜೂನ್ 10ನ್ನು ಭಾರತದ ಕಾಲವಲಯವಿರುವ ಕಂಪ್ಯೂಟರಿನಲ್ಲಿ ಕೊಟ್ಟು ನೋಡಿ (ತಿಂಗಳ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ 5 ಎಂದರೆ ಜೂನ್):

```
new Date(1943, 5, 10).toISOString()
// "1943-06-09T17:30:00.000Z"
```

ಇದಕ್ಕೆ ಐದೂವರೆ ಗಂಟೆ ಕೂಡಿಸಿದರೆ ಜೂನ್ 9ರ ರಾತ್ರಿ ಹನ್ನೊಂದು. ಜೂನ್ 10 ಮುಟ್ಟಲು ಇನ್ನೂ ಒಂದು ಗಂಟೆ ಬಾಕಿ.

ಟೆಸ್ಟರ್ ಅವರ ಸಲಹೆಯಿಂದ ಈ ಹಿರಿಯರ ತೊಂದರೆ ನಿಜಕ್ಕೂ ನೀಗುತ್ತದೆ, ಏಕೆಂದರೆ ಆ ವಲಯದ ಹೆಸರಿನ ಹಿಂದೆ ಯುದ್ಧಕಾಲದ ಲೆಕ್ಕವೂ ಇದೆ. ಆದರೆ ಸಿಂಗಪುರದಲ್ಲಿ ಕುಳಿತ ಸದಸ್ಯನೊಬ್ಬ ಫಾರಂ ತುಂಬಿದರೆ, ಅಲ್ಲಿಯ ಮಧ್ಯರಾತ್ರಿ ನಮಗೆ ಹಿಂದಿನ ರಾತ್ರಿ ಒಂಬತ್ತೂವರೆ. ಮತ್ತೆ ಒಂದು ದಿನ ಹೋಯಿತು. ದುಬೈನಿಂದ ತುಂಬಿದರೆ ಇಲ್ಲಿ ಅದೇ ದಿನದ ಒಂದೂವರೆ ಗಂಟೆ, ಅದೃಷ್ಟದಿಂದ ಸರಿಯಾಗಿರುತ್ತದೆ. ಅದೃಷ್ಟವನ್ನು ನಂಬಿದ ಕೋಡ್ ನನಗೆ ಒಗ್ಗುವುದಿಲ್ಲ.

ಬ್ರೌಸರಿನಲ್ಲಿಯೇ `getFullYear`, `getMonth`, `getDate` ಬಳಸಿ `1943-06-10` ಎಂಬ ಪಠ್ಯ ಮಾಡಿ ಕಳುಹಿಸಿ. ತಿಂಗಳಿಗೆ ಒಂದು ಕೂಡಿಸುವುದನ್ನು ಮರೆಯಬೇಡಿ. ಸರ್ವರ್ ಅದನ್ನು ಪಠ್ಯವಾಗಿಯೇ ಪಡೆದು `DATE` ಕಾಲಂಗೆ ಹಾಕಲಿ. ದಾರಿಯಲ್ಲಿ ಎಲ್ಲಿಯೂ ಅದು ಕ್ಷಣವಾಗಬಾರದು.

ಹುಬ್ಬಳ್ಳಿಯ ಡೆವಲಪರ್: ಕಾಲಂ ಈಗಾಗಲೇ `DATE`. ಓದುವಾಗಲೂ ಕೆಲವೊಮ್ಮೆ ತಪ್ಪುತ್ತದೆ. ಪೋಸ್ಟ್‌ಗ್ರೆಸ್, ನೋಡ್ ಬಳಕೆಯಲ್ಲಿವೆ.

ಹಿರಿಯ ಇಂಜಿನಿಯರ್: ಅದು `pg` ಲೈಬ್ರರಿಯ ಕೆಲಸ. `DATE` ಓದಿದಾಗ ಅದು ಸ್ಥಳೀಯ ಮಧ್ಯರಾತ್ರಿಯ `Date` ಮಾಡಿ ಕೊಡುತ್ತದೆ, ಜೇಸನ್ ಮಾಡುವಾಗ ಅದೇ ಹಳೆಯ ಕಥೆ. ಈ ಸಾಲು ಹಾಕಿದರೆ ಪಠ್ಯ ಹಾಗೆಯೇ ಬರುತ್ತದೆ:

```
types.setTypeParser(1082, v => v)
```

ಹುಬ್ಬಳ್ಳಿಯ ಡೆವಲಪರ್: ಐದೂವರೆ ಗಂಟೆಯ ಆ ತಿದ್ದುಪಡಿಗೆ ಮುನ್ನ ಸೇರಿದ ಹಳೆಯ ದಾಖಲೆಗಳು? ಅವಕ್ಕೆಲ್ಲ ಒಂದು ದಿನ ಕೂಡಿಸಿಬಿಡಲೇ?

ಹಿರಿಯ ಇಂಜಿನಿಯರ್: ಬೇಡ. ಎಕ್ಸೆಲ್‌ನಿಂದ ನೇರವಾಗಿ ತುಂಬಿದ ಸಾಲುಗಳಿದ್ದರೆ ಅವು ಸರಿಯಾಗಿಯೇ ಇರುತ್ತವೆ, ಅವನ್ನೂ ಕೆಡಿಸಿಬಿಡುತ್ತೀರಿ. ಮೊದಲು ಮೇ 31 ಎಷ್ಟಿವೆ ಎಂದು ಎಣಿಸಿ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡವರು ಬಹಳ. ಮೇ 31ರ ರಾಶಿ ಕಂಡರೆ ಆ ಕಂತು ಪೂರ್ತಿ ಸರಿದಿದೆ ಎನ್ನಬಹುದು. ಜೂನ್ 1ರ ರಾಶಿ ಜೂನ್ 1ರಲ್ಲೇ ಇದ್ದರೆ ಮುಟ್ಟಬೇಡಿ.

ಹುಬ್ಬಳ್ಳಿಯ ಡೆವಲಪರ್: ಎಣಿಸಿದೆ. ಎರಡೂ ದಿನ ರಾಶಿ ಇದೆ!

ಬೆಂಗಳೂರಿನ ಟೆಸ್ಟರ್: ದಾಖಲೆ ಸೇರಿದ ದಿನದ ಕಾಲಂ ಇದ್ದರೆ ಅದರ ಪ್ರಕಾರ ಬೇರ್ಪಡಿಸಿ ನೋಡಿ.

ಹಿರಿಯ ಇಂಜಿನಿಯರ್: ಅದು ಒಳ್ಳೆಯ ಯೋಚನೆ. ಹಾಗೆ ಬೇರ್ಪಡಿಸಿದ ಮೇಲೂ ಬೆರೆತೇ ಉಳಿದ ಸಾಲುಗಳನ್ನು ಡೇಟಾಬೇಸಿನಿಂದ ಗುರುತಿಸಲಾಗದು, ಗಂಟೆಯ ಭಾಗ ಆಗಲೇ ಹೋಗಿದೆ. ಅವಕ್ಕೆ ಸಂಘದ ಕಾಗದದ ಅರ್ಜಿಗಳನ್ನೇ ತೆಗೆಸಬೇಕು.