ಕೇಸರಿ ಎಳೆಯ ಕ್ಲೋಸಪ್: ಫೋಟೋದಲ್ಲಿ ಎರಡು ಡಬ್ಬಿಯೂ ಒಂದೇ ಥರ ಕೆಂಪು, ಅಸಲಿ ಯಾವುದು?

ಅಡುಗೆಮನೆ ಕ್ಯಾಮೆರಾ:
ನಮಸ್ಕಾರ. ನನ್ನ ಹತ್ತಿರ ಒಂದೊಂದು ಗ್ರಾಂನ ಎರಡು ಕೇಸರಿ ಡಬ್ಬಿ ಇವೆ. ಎರಡರ ಮೇಲೂ ಕಾಶ್ಮೀರದ ಮೋಂಗ್ರಾ ಅಂತಲೇ ಬರೆದಿದೆ. ಮೊದಲನೆಯದನ್ನು ಅಕ್ಕ ಕಾಶ್ಮೀರದಲ್ಲಿ ಕೇಸರಿ ಬೆಳೆಯುವ ಊರು ಪಾಂಪೋರ್‌ನಿಂದ ತಂದಳು. ಎರಡನೆಯದು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತು, ಅದರ ಮೇಲೆ ಅನುಮಾನ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಫೋನಿನಲ್ಲಿ ತೆಗೆದ ಫೋಟೋ ಹಾಕಿದ್ದೇನೆ. ಎಷ್ಟು ಝೂಮ್ ಮಾಡಿದರೂ ಎರಡೂ ಒಂದೇ ಕೆಂಪು ಮುದ್ದೆ. ಮೆಕ್ಕೆಜೋಳದ ಕೂದಲಿಗೆ ಬಣ್ಣ ಹಾಕಿ ಮಾರುತ್ತಾರೆ ಅಂತ ಕೇಳಿದ್ದೇನೆ. ಫೋಟೋ ನೋಡಿ ಹೇಳಬಹುದಾ?

ಮಸಾಲೆ ಡಬ್ಬಿ:
ಸುಲಭ. ಎಳೆಯ ಒಂದು ತುದಿ ಹಳದಿ ಇದ್ದರೆ ಅಸಲಿ, ಪೂರ್ತಿ ಕೆಂಪಿದ್ದರೆ ನಕಲಿ. ನಿಮ್ಮ ಎರಡು ಡಬ್ಬಿಯಲ್ಲೂ ಹಳದಿ ಕಾಣುತ್ತಿಲ್ಲ. ಎರಡೂ ಹೋಯಿತು ಅಂದುಕೊಳ್ಳಿ.

ಮ್ಯಾಕ್ರೋ ಕಣ್ಣು:
ಅಷ್ಟು ಬೇಗ ತೀರ್ಪು ಕೊಡಬೇಡಿ. ಹಳದಿ ಬುಡ ಉಳಿಸಿಕೊಂಡ ಕೇಸರಿಗೆ ಲಚ್ಛಾ ಅಂತಾರೆ. ಆ ಬುಡ ತೆಗೆದು ಕೆಂಪು ಭಾಗ ಮಾತ್ರ ಇಟ್ಟರೆ ಅದೇ ಮೋಂಗ್ರಾ. ಹಾಗಾಗಿ ಮೋಂಗ್ರಾದಲ್ಲಿ ಹಳದಿ ಇಲ್ಲದಿರುವುದೇ ಸರಿ. ಆದರೆ ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಅಸಲಿ ಎಳೆಯಲ್ಲಿ ಬಣ್ಣ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತುದಿ ಕಡುಗೆಂಪು, ಬುಡದ ಕಡೆ ಬರುತ್ತಾ ಕಿತ್ತಳೆಗೆ ತಿರುಗುತ್ತದೆ. ಬಣ್ಣದಲ್ಲಿ ಅದ್ದಿದ ಎಳೆ ತುದಿಯಿಂದ ತುದಿಗೆ ಒಂದೇ ಕೆಂಪು.

ಈ ಫೋಟೋದಲ್ಲಿ ಅದನ್ನು ನೋಡುವ ಹಾಗೇ ಇಲ್ಲ. ಕೆಂಪು ಚಾನೆಲ್ ಪೂರ್ತಿ ಸುಟ್ಟುಹೋಗಿದೆ, ಅಂದರೆ ಕೆಂಪು ಅತಿಯಾಗಿ ಅದರ ಛಾಯೆಗಳೆಲ್ಲ ಒಂದೇ ಆಗಿವೆ. ಫೋನಿನ ಫುಡ್ ಮೋಡ್ ಕೆಂಪನ್ನು ಇನ್ನೂ ಏರಿಸುತ್ತದೆ, ಕಿತ್ತಳೆ ಇದ್ದರೂ ನುಂಗಿಬಿಡುತ್ತದೆ. ಹೀಗೆ ಮಾಡಿ. ಬೆಳಿಗ್ಗೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ, ಬಿಳಿ ಹಾಳೆಯ ಮೇಲೆ ಎಳೆಗಳನ್ನು ಬಿಡಿಬಿಡಿಯಾಗಿ ಹರಡಿ. ಪಕ್ಕದಲ್ಲಿ ಸ್ಕೇಲ್ ಇಡಿ. ಫುಡ್ ಮೋಡ್ ಆಫ್ ಮಾಡಿ. ಎಳೆಯ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಎಕ್ಸ್‌ಪೋಶರ್ -1ಕ್ಕೆ ಇಳಿಸಿ. ಹಾಳೆ ಸ್ವಲ್ಪ ಬೂದು ಕಂಡರೂ ಪರವಾಗಿಲ್ಲ, ಎಳೆಯ ಮೇಲಿನ ಗೆರೆ ಕಾಣಬೇಕು.

ಬೆಂಗಳೂರು ಬಾಣಂತಿ ಅಡುಗೆ:
ನನಗೂ ಇದೇ ಸಮಸ್ಯೆ. ಮೂಲೆಯಲ್ಲಿದ್ದ ಹಳೇ ಕೇಸರಿ ಈಗ ಕಂದು ಬಣ್ಣಕ್ಕೆ ಬಂದಿದೆ. ಅಂದರೆ ಬಣ್ಣ ಹಾಕಿದ್ದು ಬಿಟ್ಟುಹೋಯಿತು ಅಂತ ಅರ್ಥವಾ?

ಮ್ಯಾಕ್ರೋ ಕಣ್ಣು:
ಅಲ್ಲ ಅಮ್ಮ. ಬೆಳಕು, ತೇವ ತಾಗಿದರೆ ಅಸಲಿ ಕೇಸರಿಯೂ ಮಂಕಾಗುತ್ತದೆ. ಬಣ್ಣ ಮಂಕಾದರೂ ಆಕಾರ ಬದಲಾಗುವುದಿಲ್ಲ. ನೀವೂ ನೆನೆಸಿ ನೋಡಿ, ವಿಧಾನ ಕೆಳಗೆ ಬರೆಯುತ್ತೇನೆ.

ಅಡುಗೆಮನೆ ಕ್ಯಾಮೆರಾ:
ಹೊಸ ಫೋಟೋ ಹಾಕಿದ್ದೇನೆ. ಈಗ ವ್ಯತ್ಯಾಸ ಕಾಣುತ್ತಿದೆ. ಅಕ್ಕನ ಡಬ್ಬಿಯ ಎಳೆಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ. ಆನ್‌ಲೈನ್ ಡಬ್ಬಿಯಲ್ಲಿ ಕೆಲವು ಹಾಗಿವೆ, ಕೆಲವು ಉದ್ದಕ್ಕೂ ಒಂದೇ ದಪ್ಪ. ಆದರೆ ಒಣಗಿ ಸುರುಟಿಕೊಂಡಿವೆ, ಖಚಿತ ಆಗುತ್ತಿಲ್ಲ.

ಮ್ಯಾಕ್ರೋ ಕಣ್ಣು:
ಒಣ ಎಳೆ ಸುರುಟಿರುವುದರಿಂದಲೇ ಜನ ಮೋಸ ಹೋಗುವುದು. ಅದನ್ನು ಬಿಚ್ಚಿಸಬೇಕು. ಎರಡು ಬಿಳಿ ತಟ್ಟೆ ತೆಗೆದುಕೊಳ್ಳಿ, ತಳ ಮುಚ್ಚುವಷ್ಟು ಉಗುರುಬೆಚ್ಚಗಿನ ನೀರು ಹಾಕಿ. ಒಂದೊಂದು ಡಬ್ಬಿಯಿಂದ ಒಂದು ಚಿಟಿಕೆ ಬೇರೆ ಬೇರೆ ತಟ್ಟೆಗೆ ಹಾಕಿ, 10–15 ನಿಮಿಷ ಬಿಡಿ. ಆಮೇಲೆ ಟೂತ್‌ಪಿಕ್‌ನಿಂದ ಒಂದೊಂದೇ ಎಳೆಯನ್ನು ಮೆಲ್ಲಗೆ ಬಿಡಿಸಿ. ಬೆಳಕು ಪಕ್ಕದಿಂದ ಬರಲಿ.

ಅಸಲಿ ಎಳೆ ನೀರಲ್ಲಿ ಸಣ್ಣ ತುತ್ತೂರಿಯ ಆಕಾರಕ್ಕೆ ಬರುತ್ತದೆ. ಬುಡ ಕಿರಿದು, ತುದಿ ಅಗಲ, ಒಂದು ಪಕ್ಕ ಸೀಳು. ಅಗಲವಾದ ಬಾಯಿಯ ಅಂಚನ್ನು ಗಮನಿಸಿ. ಅಲ್ಲಿ ಸಣ್ಣ ಸಣ್ಣ ಹಲ್ಲಿನಂಥ ಕಚ್ಚು ಇರುತ್ತದೆ. ಆ ಅಂಚು ಕಾಣುವ ಒಂದು ಫೋಟೋ ಇದ್ದರೆ ಆ ಎಳೆಯ ಬಗ್ಗೆ ಬೇರೆ ಪುರಾವೆ ಬೇಡ. ಜೋಳದ ಕೂದಲಿಗೆ ಬಾಯಿಯೇ ಇಲ್ಲ. ಅದು ಚಪ್ಪಟೆ ಪಟ್ಟಿ, ಉದ್ದಕ್ಕೂ ಒಂದೇ ಅಗಲ. ಮೂಲದಲ್ಲಿ ತುಂಬಾ ಉದ್ದ ಇರುವುದರಿಂದ ಕತ್ತರಿಸಿಯೇ ಹಾಕಬೇಕು. ಹಾಗಾಗಿ ಎರಡು ತುದಿಯಲ್ಲೂ ಕತ್ತರಿ ಆಡಿದ ಗುರುತು ಇರುತ್ತದೆ. ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಜೋಳದ ಕೂದಲಿನ ಅಂಚಿನಲ್ಲಿ ನವಿರಾದ ರೋಮವೂ ಕಾಣಬಹುದು.

ಮಸಾಲೆ ಡಬ್ಬಿ:
ಇಷ್ಟೆಲ್ಲ ಯಾಕೆ? ನೀರು ತಕ್ಷಣ ಕೆಂಪಾದರೆ ನಕಲಿ, ನಿಧಾನಕ್ಕೆ ಹಳದಿಯಾದರೆ ಅಸಲಿ. ನಮ್ಮ ಮನೆಯಲ್ಲಿ ಇಷ್ಟೇ ನೋಡುವುದು.

ಮ್ಯಾಕ್ರೋ ಕಣ್ಣು:
ಮನೆಯಲ್ಲಿ ಕಣ್ಣಾರೆ ನೋಡುವಾಗ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಬಣ್ಣ ಹಾಕುವವರು ಹಳದಿ ಬಣ್ಣವನ್ನೂ ಬೆರೆಸಬಲ್ಲರು. ಫೋಟೋದಲ್ಲಂತೂ ಬಲ್ಬ್ ಬೆಳಕಿಗೆ ಹಳದಿ ನೀರೂ ಕಿತ್ತಳೆಯಾಗಿ ಕಾಣುತ್ತದೆ. ನೀರಿಗಿಂತ ಎಳೆ ನೋಡಿ. ಅಸಲಿ ಎಳೆ ನೀರಿಗೆ ಬಣ್ಣ ಬಿಟ್ಟ ಮೇಲೂ ಬಹಳ ಹೊತ್ತು ಕೆಂಪಗೇ ಇರುತ್ತದೆ. ಮೇಲ್ಮೈಗೆ ಬಣ್ಣ ಹಚ್ಚಿದ್ದು ಬೇಗ ಬಿಳುಚಿಕೊಳ್ಳುತ್ತದೆ.

ಅಡುಗೆಮನೆ ಕ್ಯಾಮೆರಾ:
ನೆನೆಸಿದ ಫೋಟೋಗಳು ಇಲ್ಲಿವೆ. ಎಡಗಡೆ ಅಕ್ಕನ ಡಬ್ಬಿ. ಹಲ್ಲಿನಂಥ ಅಂಚು ಸ್ಪಷ್ಟವಾಗಿ ಸಿಕ್ಕಿದೆ, ನೋಡಿ ತುಂಬಾ ಖುಷಿಯಾಯಿತು! ಉದ್ದ 2ರಿಂದ 3 ಸೆಂ.ಮೀ. ಬಲಗಡೆ ತಟ್ಟೆಯಲ್ಲಿ ಮೂರು ಥರ ಇವೆ. ಕೆಲವು ತುತ್ತೂರಿ. ಕೆಲವು ಬಿಳುಚಿಕೊಂಡ ಚಪ್ಪಟೆ ಪಟ್ಟಿ, ತುದಿ ನೇರವಾಗಿ ಕತ್ತರಿಸಿದ್ದು. ಇನ್ನು ಕೆಲವು ತುದಿಯಲ್ಲಿ ಸೀಳಿಕೊಂಡು ಕವಲಾಗಿವೆ. ಅದೇ ಕಚ್ಚು ಇರುವ ಅಂಚಾ?

ಗದಗ ಹೊಲ:
ಕೊನೆಯದನ್ನು ದೊಡ್ಡದು ಮಾಡಿ ನೋಡಿದೆ. ಅದು ಕುಸುಬೆ ಹೂ ರೀ. ನಮ್ಮ ಹೊಲದಲ್ಲಿ ನೋಡಿಕೊಂಡೇ ಬೆಳೆದವ ನಾನು. ಸಣ್ಣ ಕೊಳವೆ ಇರುತ್ತದೆ, ಅದರ ತುದಿ ಐದು ಸಪೂರ ಎಸಳಾಗಿ ಒಡೆದಿರುತ್ತದೆ. ನಡುವೆ ಒಂದು ಕಡ್ಡಿಯಂಥದ್ದು ಹೊರಗೆ ಚಾಚಿರುತ್ತದೆ. ಅರಳಿದಾಗ ಹಳದಿ, ಬಾಡುತ್ತಾ ಕಿತ್ತಳೆ ಕೆಂಪಾಗುತ್ತದೆ. ಅದಕ್ಕೆ ಬಣ್ಣ ಹಾಕುವ ಕೆಲಸವೂ ಕಡಿಮೆ. ಎಸಳು ಎಣಿಸಿ, ಐದು ಇದ್ದರೆ ಅನುಮಾನವೇ ಬೇಡ.

ಅಡುಗೆಮನೆ ಕ್ಯಾಮೆರಾ:
ಎಣಿಸಿದೆ, ಐದು. ಕಡ್ಡಿಯೂ ಇದೆ. ಕೆಲವದರಲ್ಲಿ ಎಸಳು ಮುರಿದು ಎರಡೋ ಮೂರೋ ಉಳಿದಿವೆ.

ಮ್ಯಾಕ್ರೋ ಕಣ್ಣು:
ಗದಗದವರು ಹೇಳಿದ್ದೇ ಸರಿ, ನಾನು ಆ ಫೋಟೋದಲ್ಲಿ ಅಷ್ಟು ಹತ್ತಿರ ಹೋಗಿರಲಿಲ್ಲ. ಕೇಸರಿಯ ಕಚ್ಚು ಅಂಚಿನ ಮೇಲೆ ಮಾತ್ರ ಇರುತ್ತದೆ, ಕುಸುಬೆಯ ಸೀಳು ಒಳಗೆ ಕೊಳವೆಯವರೆಗೆ ಇಳಿಯುತ್ತದೆ. ಅಲ್ಲಿಗೆ ಆನ್‌ಲೈನ್ ಡಬ್ಬಿಯಲ್ಲಿ ಅಸಲಿ ಸ್ವಲ್ಪ, ಜೋಳದ ಕೂದಲು ಸ್ವಲ್ಪ, ಕುಸುಬೆ ಸ್ವಲ್ಪ. ಮೇಲಿನ ಪದರದಲ್ಲಿ ಅಸಲಿ ಇಟ್ಟು ಕೆಳಗೆ ಇದನ್ನು ತುಂಬಿದ್ದಾರಾ ಅಂತ ಡಬ್ಬಿಯ ತಳದಿಂದಲೂ ಒಂದು ಚಿಟಿಕೆ ತೆಗೆದು ನೋಡಿ.

ಬಲಗಡೆ ತಟ್ಟೆಯ ಮೇಲ್ಭಾಗದಲ್ಲಿ ದಾರದಷ್ಟು ಸಪೂರ ನಾಲ್ಕೈದು ಎಳೆಗಳಿವೆ. ಅವಕ್ಕೆ ರೋಮವೂ ಇಲ್ಲ, ಬಾಯಿಯೂ ಇಲ್ಲ. ಅವು ಮುರಿದ ಅಸಲಿ ಎಳೆಯ ಬುಡ ಇರಬಹುದು. ಕೇಸರಿ ಹೂವಿನದೇ ಹಳದಿ ಬುಡಕ್ಕೆ ಕೆಂಪು ಬಣ್ಣ ಕೊಟ್ಟದ್ದೂ ಇರಬಹುದು. ಕೆಂಪು ಭಾಗದ ತುಂಡಾದರೆ ಮಡಿಚಿದ ಸೀಳು ಸಿಗಬೇಕು, ಹಳದಿ ಬುಡವಾದರೆ ಗುಂಡಗಿನ ದಾರ. ಫೋಟೋ ಅಲ್ಲಿ ಮಸುಕಾಗಿದೆ, ಹೇಳಲು ಆಗುತ್ತಿಲ್ಲ.

ಮಸಾಲೆ ಡಬ್ಬಿ:
ಹಾಗಾದರೆ ತುತ್ತೂರಿ ಆಕಾರದವನ್ನು ಆರಿಸಿಕೊಂಡು ಪಾಯಸಕ್ಕೆ ಹಾಕಬಹುದಲ್ವಾ?

ಮ್ಯಾಕ್ರೋ ಕಣ್ಣು:
ನಾನಾದರೆ ಹಾಕುವುದಿಲ್ಲ. ಬಣ್ಣ ಹಾಕಿದ ಎಳೆಗಳ ಜೊತೆ ಒಂದೇ ಡಬ್ಬಿಯಲ್ಲಿದ್ದವು. ಅಸಲಿ ಎಳೆಗೇ ಬಣ್ಣ ಕೊಟ್ಟಿದ್ದರೂ ಆಕಾರ ಅಸಲಿಯದೇ ಇರುತ್ತದೆ. ಅದು ಫೋಟೋದಲ್ಲಿ ಸಿಗುವುದಿಲ್ಲ, ಲ್ಯಾಬಿನಲ್ಲೇ ನೋಡಬೇಕು.

ಅಡುಗೆಮನೆ ಕ್ಯಾಮೆರಾ:
ಸರಿ, ಪಾಯಸಕ್ಕೆ ಅಕ್ಕನ ಡಬ್ಬಿ. ತಳದ ಚಿಟಿಕೆ ಈಗಷ್ಟೇ ನೆನೆಹಾಕಿದೆ. ಮ್ಯಾಕ್ರೋ ಲೆನ್ಸ್ ಪಕ್ಕದ ಮನೆ ಹುಡುಗನ ಹತ್ತಿರ ಇದೆ. ಸಿಕ್ಕರೆ ಸಪೂರ ಎಳೆಗಳನ್ನು ಮತ್ತೆ ತೆಗೆದು ಹಾಕುತ್ತೇನೆ.