‘ಪ್ರತಿ ಷೇರಿನ ಗಳಿಕೆ’: ಇಲ್ಲಿ ಗಳಿಕೆ ಯಾರದು, ಷೇರು ಎಷ್ಟು?

ಎಲ್ಲರಿಗೂ ನಮಸ್ಕಾರ.

ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಯೊಂದರ ವಾರ್ಷಿಕ ಫಲಿತಾಂಶದ ಸಾರಾಂಶವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ನಿವ್ವಳ ಲಾಭ 96 ಕೋಟಿ ರೂಪಾಯಿ, ಪಾವತಿಯಾದ ಷೇರು ಬಂಡವಾಳ 40 ಕೋಟಿ, ಷೇರಿನ ಮುಖಬೆಲೆ 2 ರೂಪಾಯಿ. ಅಲ್ಲಿಗೆ ಷೇರುಗಳು 20 ಕೋಟಿ. ಭಾಗಿಸಿದರೆ 4.80 ಬರುತ್ತದೆ. ಆದರೆ ‘ಪ್ರತಿ ಷೇರಿನ ಮೂಲ ಗಳಿಕೆ’ ಎಂಬ ಸಾಲಿನಲ್ಲಿ 5.00 ಎಂದಿದೆ. ಷೇರಿನ ಬೆಲೆ 150 ರೂಪಾಯಿ, ಅದನ್ನು ಪ್ರತಿ ಷೇರಿನ ಗಳಿಕೆಯಿಂದ ಭಾಗಿಸಿ ಬರುವ ಪಿಇ ಅನುಪಾತ 30 ಎಂದು ಕೊಟ್ಟಿದ್ದಾರೆ; ಅದು 5ಕ್ಕೆ ಹೊಂದುತ್ತದೆ, 4.80ಕ್ಕೆ ಹೊಂದುವುದಿಲ್ಲ. ಇಲ್ಲಿ ‘ಗಳಿಕೆ’ ಎಂದರೆ ನಿವ್ವಳ ಲಾಭವೇ, ಬೇರೆಯೇ? ಮುದ್ರಣದೋಷವೆಂದು ತಿದ್ದಿಬಿಡಲು ಮನಸ್ಸು ಒಪ್ಪುತ್ತಿಲ್ಲ.
ಭಾರತಿ

ಭಾರತಿಯವರೇ, ಈ ಪದವೇ ಸರಿಯಿಲ್ಲ. ಗಳಿಕೆ ಎಂದರೆ ಕೈಗೆ ಬಂದದ್ದು. ನನ್ನಲ್ಲಿರುವ ಒಂದು ಕಂಪನಿಯ ಷೇರಿಗೆ 12 ರೂಪಾಯಿ ಗಳಿಕೆ ಎಂದು ಪ್ರಕಟಿಸಿದರು. ನನ್ನ ಖಾತೆಗೆ ಜಮೆಯಾದದ್ದು ಷೇರಿಗೆ 3 ರೂಪಾಯಿ ಮಾತ್ರ. ಉಳಿದ 9 ಎಲ್ಲಿ ಹೋಯಿತು ಎಂದು ಯಾರೂ ಹೇಳುವುದಿಲ್ಲ.
ರಾಘವೇಂದ್ರ

ರಾಘವೇಂದ್ರ ಅವರೇ, ನಿಮಗೆ ಬಂದದ್ದು ಡಿವಿಡೆಂಡ್. ಉಳಿದದ್ದು ಕಂಪನಿಯಲ್ಲೇ ಇದೆ. ಭಾರತಿಯವರ ಪ್ರಶ್ನೆ ಅದಲ್ಲ. ನೌಕರರಿಗೆ ಮುಂದೆ ಕೊಡಬೇಕಾದ ಷೇರುಗಳನ್ನೂ ಸೇರಿಸಿ ಲೆಕ್ಕ ಹಾಕುವ ಪದ್ಧತಿ ಒಂದಿದೆ, ಹಾಗೆ ಬರುವ ಪ್ರತಿ ಷೇರಿನ ಗಳಿಕೆಯನ್ನು ಡೈಲ್ಯೂಟೆಡ್ ಇಪಿಎಸ್ ಎನ್ನುತ್ತಾರೆ. ಸಾರಾಂಶದಲ್ಲಿ ಅದನ್ನು ಬಳಸಿರುತ್ತಾರೆ. ಷೇರುಗಳ ಸಂಖ್ಯೆಯಲ್ಲೇ ವ್ಯತ್ಯಾಸವಿದೆ ಎಂಬುದು ನನ್ನ ಅನಿಸಿಕೆ.
ಪ್ರಕಾಶ

ಪ್ರಕಾಶ್, ಷೇರುಗಳ ಸಂಖ್ಯೆಯನ್ನು ಅನುಮಾನಿಸಿದ್ದು ಸರಿ. ಆದರೆ ಮುಂದೆ ಬರಬಹುದಾದ ಷೇರುಗಳನ್ನು ಸೇರಿಸಿದರೆ ಭಾಜಕ ಹಿಗ್ಗಿ ಇಪಿಎಸ್ ಇಳಿಯಬೇಕು; ಇಲ್ಲಿ ಏರಿದೆ. ಡೈಲ್ಯೂಟೆಡ್ ಅಂಕಿ ಮೂಲ ಅಂಕಿಗಿಂತ ಹೆಚ್ಚಾಗಿ ಕಂಡರೆ ಅದನ್ನು ನಂಬಲೇಬಾರದು.

ಭಾರತಿ, ಸಾರಾಂಶವನ್ನು ಬಿಟ್ಟು ಪೂರ್ಣ ಫಲಿತಾಂಶದ ಕೋಷ್ಟಕ ತೆಗೆಯಿರಿ. ನಿವ್ವಳ ಲಾಭದ ಕೆಳಗೆ ಅದನ್ನು ಮಾತೃ ಕಂಪನಿಯ ಷೇರುದಾರರಿಗೆ ಎಷ್ಟು, ಅಂಗಸಂಸ್ಥೆಗಳಲ್ಲಿ ಪಾಲು ಹೊಂದಿರುವ ಹೊರಗಿನವರಿಗೆ ಎಷ್ಟು ಎಂದು ಒಡೆದು ತೋರಿಸಿರುತ್ತಾರೆ. ಹಾಗೆಯೇ ಷೇರು ಬಂಡವಾಳದ ಸಾಲಿನಲ್ಲಿ ಹಿಂದಿನ ವರ್ಷದ ಅಂಕಿ ಎಷ್ಟಿತ್ತು ನೋಡಿ.
ಸುಮತಿ

ಸುಮತಿಯವರೇ, ನೋಡಿದೆ. 96 ಕೋಟಿಯಲ್ಲಿ 6 ಕೋಟಿ ಹೊರಗಿನವರ ಪಾಲು. ಷೇರು ಬಂಡವಾಳ ಹಿಂದಿನ ವರ್ಷ 32 ಕೋಟಿ ಇತ್ತು. ವರ್ಷದ ಮೊದಲಾರ್ಧ ಮುಗಿದ ಮೇಲೆ 4 ಕೋಟಿ ಹೊಸ ಷೇರುಗಳನ್ನು ಹಣಕ್ಕೆ ಮಾರಿದ್ದಾಗಿ ಟಿಪ್ಪಣಿಯಲ್ಲಿದೆ.
ಭಾರತಿ

ಹಾಗಾದರೆ ಲೆಕ್ಕ ತಾಳೆಯಾಯಿತು. ಇಪಿಎಸ್‌ನಲ್ಲಿ ‘ಗಳಿಕೆ’ ಎಂದರೆ ಮಾತೃ ಕಂಪನಿಯ ಷೇರುದಾರರಿಗೆ ಸೇರಿದ ಲಾಭ ಮಾತ್ರ, ಅಂದರೆ 90 ಕೋಟಿ. ಹೊಸ ಷೇರುಗಳಿಂದ ಬಂದ ಹಣ ದುಡಿದದ್ದು ಅರ್ಧ ವರ್ಷ. ಆದ್ದರಿಂದ ಆ 4 ಕೋಟಿಯನ್ನು 2 ಕೋಟಿ ಎಂದು ಹಿಡಿಯುತ್ತಾರೆ. ಹಳೆಯ 16 ಕೋಟಿ ಸೇರಿ 18 ಕೋಟಿ. 90ನ್ನು 18ರಿಂದ ಭಾಗಿಸಿದರೆ ಸರಿಯಾಗಿ 5.00. ನೀವು ಅಂಶವನ್ನೂ ಭಾಜಕವನ್ನೂ ಎರಡನ್ನೂ ದೊಡ್ಡದಾಗಿ ಹಿಡಿದಿದ್ದರಿಂದ ಉತ್ತರ ಹತ್ತಿರದಲ್ಲೇ ಬಂತು. ಇಂಥ ಚಿಕ್ಕ ವ್ಯತ್ಯಾಸವನ್ನೇ ಜನ ಮುದ್ರಣದೋಷ ಎಂದು ತಿದ್ದಿಬಿಡುತ್ತಾರೆ. ಈ 4 ಕೋಟಿ ಬೋನಸ್ ಷೇರುಗಳಾಗಿದ್ದರೆ ಅರ್ಧ ಮಾಡುವಂತಿರಲಿಲ್ಲ. ಬೋನಸ್‌ನಿಂದ ಕಂಪನಿಗೆ ಹಣ ಬರುವುದಿಲ್ಲ, ಹಾಗಾಗಿ ಅವು ಮೊದಲಿನಿಂದಲೂ ಇದ್ದವೆಂದೇ ಎಣಿಸಿ ಹಿಂದಿನ ವರ್ಷದ ಇಪಿಎಸ್ ಅನ್ನೂ ತಿದ್ದಬೇಕು.

ಪಿಇ ವಿಷಯದಲ್ಲಿ ಒಂದು ಎಚ್ಚರಿಕೆ. ಕೋಷ್ಟಕದ ಮೊದಲ ಅಂಕಣ ಸಾಮಾನ್ಯವಾಗಿ ತ್ರೈಮಾಸಿಕದ್ದು, ಅದರ ಇಪಿಎಸ್ ಪಕ್ಕದಲ್ಲಿ ‘ವಾರ್ಷಿಕಗೊಳಿಸಿಲ್ಲ’ ಎಂಬ ಸಣ್ಣ ಅಕ್ಷರದ ಮಾತಿರುತ್ತದೆ. ಅದನ್ನು ಹಿಡಿದು ಬೆಲೆಯನ್ನು ಭಾಗಿಸಬೇಡಿ.
ಸುಮತಿ

ನಿಜ, ಮೊದಲ ಅಂಕಣದಲ್ಲಿ 1.40 ಇದೆ. ಅದರಿಂದ ಭಾಗಿಸಿದ್ದರೆ ಪಿಇ 107 ಆಗುತ್ತಿತ್ತು!
ಭಾರತಿ

ಡೈಲ್ಯೂಟೆಡ್ ವಿಷಯ ಒಪ್ಪಿದೆ. ಆದರೆ ಪಿಇ 30 ಎಂಬುದನ್ನು ಒಪ್ಪಲಾರೆ. ಈ ಹೊತ್ತು ಪೇಟೆಯಲ್ಲಿರುವುದು 20 ಕೋಟಿ ಷೇರುಗಳು. 150ರಂತೆ ಇಡೀ ಕಂಪನಿಯ ಬೆಲೆ 3,000 ಕೋಟಿ. ಅದನ್ನು 90 ಕೋಟಿಯಿಂದ ಭಾಗಿಸಿದರೆ 33.3. ಇಂದು ಷೇರು ಕೊಳ್ಳುವವನಿಗೆ ಲಾಭ ಹಂಚಿಹೋಗುವುದು 20 ಕೋಟಿ ಷೇರುಗಳ ನಡುವೆ, 18 ಕೋಟಿಯ ನಡುವೆ ಅಲ್ಲ.
ಪ್ರಕಾಶ

ಆದರೆ ಆ 90 ಕೋಟಿಯಲ್ಲಿ ಹೊಸ ಹಣದ ದುಡಿಮೆ ಅರ್ಧ ವರ್ಷದ್ದು ಮಾತ್ರ ಇದೆ. ಪೂರ್ತಿ ಷೇರುಗಳನ್ನು ಎಣಿಸಿ ಅರ್ಧ ವರ್ಷದ ದುಡಿಮೆಯನ್ನಷ್ಟೇ ಹಿಡಿದರೆ ಪಿಇ ಹೆಚ್ಚಾಗಿ ಕಾಣುವುದು ಸಹಜ. ಪ್ರಕಟಿತ ಇಪಿಎಸ್‌ನಿಂದ ಬರುವುದು 30. ಸಾರಾಂಶದಲ್ಲಿ ಅದೇ ಇರಲಿ, ಬೆಲೆ ಯಾವ ದಿನದ್ದು ಎಂದು ಜೊತೆಗೆ ಬರೆಯಿರಿ.
ಸುಮತಿ

30 ಎಂದೇ ಉಳಿಸಿಕೊಂಡು, ದಿನಾಂಕದ ಜೊತೆಗೆ ‘ವರ್ಷದ ಸರಾಸರಿ ಷೇರುಗಳ ಲೆಕ್ಕದಲ್ಲಿ’ ಎಂದು ಸೇರಿಸುತ್ತೇನೆ. ನಿವ್ವಳ ಲಾಭದ ಕೆಳಗೆ ‘ಇದರಲ್ಲಿ ಮಾತೃ ಕಂಪನಿಯ ಷೇರುದಾರರ ಪಾಲು 90 ಕೋಟಿ’ ಎಂಬ ಸಾಲೂ ಬರಲಿದೆ.
ಭಾರತಿ

ಸರಾಸರಿ ಎಂದರೆ ಓದುಗರು ವರ್ಷದ ಆರಂಭದ ಮತ್ತು ಕೊನೆಯ ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸುತ್ತಾರೆ. ಈ ಸಲ ಅದೂ 18 ಬರುತ್ತದೆ, ಏಕೆಂದರೆ ಷೇರು ಬಂದದ್ದು ಸರಿಯಾಗಿ ವರ್ಷದ ನಡುವೆ. ಹತ್ತನೆಯ ತಿಂಗಳಲ್ಲಿ ಬಂದಿದ್ದರೆ? ‘ಅವಧಿಗೆ ತಕ್ಕ ಸರಾಸರಿ’ ಎನ್ನಿ. 33.3ರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.
ಪ್ರಕಾಶ